ಕ್ಯಾರೆಟ್ ತಿಂದವರ ಅಂಗೈ ಹಳದಿ

1913ರ ಜನವರಿಯಲ್ಲಿ ಅಂಟಾರ್ಕ್ಟಿಕಾದ ಹಿಮದಲ್ಲಿ ಸ್ವಿಟ್ಜರ್ಲೆಂಡಿನ ಜೇವಿಯರ್ ಮೆರ್ಟ್ಜ್ ಸತ್ತ. ಆಹಾರ ಮುಗಿದು ಅವನೂ ಸಂಗಾತಿ ಡಗ್ಲಸ್ ಮಾಸನ್ನನೂ ಸ್ಲೆಡ್ಜ್ ನಾಯಿಗಳನ್ನೇ ತಿಂದಿದ್ದರು, ಲಿವರನ್ನೂ ಬಿಟ್ಟಿರಲಿಲ್ಲ. ಇಬ್ಬರ ಚರ್ಮವೂ ಸುಲಿಯುತ್ತಿತ್ತು. ವಿಟಮಿನ್ 'ಎ' ಅತಿಯಾಗಿ ವಿಷವಾಯಿತೆಂಬ ಊಹೆ ಆಮೇಲಿನದು; ಒಪ್ಪದವರೂ ಇದ್ದಾರೆ.

ಕ್ಯಾರೆಟ್ ಎಷ್ಟು ತಿಂದರೂ ಹೀಗಾಗದು. ಅದರಲ್ಲಿರುವುದು ಬೀಟಾ ಕ್ಯಾರೋಟಿನ್. ಕರುಳಿನ ಕಿಣ್ವವೊಂದು ಅದನ್ನು ಸೀಳಿದ ಮೇಲಷ್ಟೇ ವಿಟಮಿನ್. ದೇಹದಲ್ಲಿ ಸಾಕಷ್ಟಿದ್ದರೆ ಕಿಣ್ವದ ಕೆಲಸವೂ ತಗ್ಗುತ್ತದೆ. ಲೆಕ್ಕಕ್ಕೆ, ಆಹಾರದ 12 ಮೈಕ್ರೊಗ್ರಾಂ ಬೀಟಾ ಕ್ಯಾರೋಟಿನ್ 1 ಮೈಕ್ರೊಗ್ರಾಂ ರೆಟಿನಾಲ್‌ಗೆ ಸಮ. 100 ಗ್ರಾಂ ಕ್ಯಾರೆಟ್‌ನ ಸುಮಾರು 8,000 ಮೈಕ್ರೊಗ್ರಾಂ ಹೀಗೆ 700ರೊಳಗೆ ನಿಲ್ಲುತ್ತದೆ. ಬೇಯಿಸಿ ಒಂದಿಷ್ಟು ಎಣ್ಣೆ ಹಾಕಿದರೆ ಹೀರಿಕೆ ಹೆಚ್ಚು. ಪಪ್ಪಾಯಿಯಲ್ಲಿ ಪ್ರಮಾಣ ಕಡಿಮೆ, ಆದರೆ ಮೆತ್ತಗಿನ ಹಣ್ಣಿನಿಂದ ಅದು ಸುಲಭವಾಗಿ ಬಿಡಿಸಿಕೊಳ್ಳುತ್ತದೆ.

ಸೀಳದೆ ಉಳಿದದ್ದು ಚರ್ಮದಲ್ಲಿ ಸೇರಿ ಅಂಗೈ, ಅಂಗಾಲು ಹಳದಿಯಾಗಬಹುದು. ಕಾಮಾಲೆಯೆಂದು ಗಾಬರಿಯಾಗುವವರು ಕನ್ನಡಿಯಲ್ಲಿ ಕಣ್ಣು ನೋಡಿಕೊಳ್ಳಬೇಕು: ಕಾಮಾಲೆಯಲ್ಲಿ ಕಣ್ಣಿನ ಬಿಳಿಭಾಗವೂ ಹಳದಿ, ಇದರಲ್ಲಿ ಬಿಳಿಯೇ. ಕ್ಯಾರೆಟ್ ಕಡಿಮೆ ಮಾಡಿದರೆ ಕೆಲವು ವಾರಗಳಲ್ಲಿ ಬಣ್ಣ ಇಳಿಯುತ್ತದೆ.

ಲಿವರ್‌ನಲ್ಲಿರುವುದು ಸಿದ್ಧ ರೆಟಿನಾಲ್. ಅದಕ್ಕೆ ಇಂಥ ತಡೆಯಿಲ್ಲ. 100 ಗ್ರಾಂ ಕುರಿ ಲಿವರ್‌ನಲ್ಲಿ ಸುಮಾರು 7,000 ಮೈಕ್ರೊಗ್ರಾಂ. ವಯಸ್ಕರ ದಿನದ ಮಿತಿ 3,000. ಅಪರೂಪಕ್ಕೊಮ್ಮೆ ಲಿವರ್ ಫ್ರೈ ತಿಂದವರಿಗೆ ಭಯವಿಲ್ಲ. ದಿನಾ ತಿಂದರೆ, ಜೊತೆಗೆ ವಿಟಮಿನ್ ಮಾತ್ರೆಯನ್ನೂ ನುಂಗಿದರೆ, ತಲೆನೋವು, ಕೂದಲುದುರುವಿಕೆ, ಯಕೃತ್ತಿಗೆ ಹಾನಿ. ಗರ್ಭದ ಮೊದಲ ತಿಂಗಳುಗಳಲ್ಲಿ ಅತಿಯಾದರೆ ಶಿಶುವಿನ ಅಂಗರಚನೆಯೇ ಕೆಡಬಹುದು. ಬ್ರಿಟನ್ನಿನಲ್ಲಿ ಗರ್ಭಿಣಿಯರಿಗೆ ಲಿವರ್ ಬೇಡವೆಂದೇ ಸಲಹೆ.