ಹದಿನೆಂಟು ಎಂಬತ್ತೊಂದಾಗುವ ಪರಿ

ಜರ್ಮನ್ ಅಥವಾ ಫ್ರೆಂಚ್ ಪುಸ್ತಕಗಳ ಕಪಾಟಿನ ಮುಂದೆ ನಿಂತವರ ತಲೆ ಎಡಕ್ಕೆ ವಾಲಿರುತ್ತದೆ. ಇಂಗ್ಲಿಷ್ ಪುಸ್ತಕಗಳ ಮುಂದೆ ನಿಂತವರದು ಬಲಕ್ಕೆ. ಎರಡೂ ಬೆರೆತ ಕಪಾಟಾದರೆ ಕತ್ತಿಗೆ ಒಳ್ಳೆಯ ವ್ಯಾಯಾಮ. ಕನ್ನಡ ಪುಸ್ತಕಗಳ ಸಾಲೂ ಹೆಚ್ಚುಕಡಿಮೆ ಹೀಗೆಯೇ ಇದೆ. ಬೆನ್ನಿನ ಮೇಲಿನ ಹೆಸರು ಕೆಲವದರಲ್ಲಿ ಮೇಲಿಂದ ಕೆಳಗಿಳಿಯುತ್ತದೆ, ಕೆಲವದರಲ್ಲಿ ಕೆಳಗಿಂದ ಮೇಲೇರುತ್ತದೆ.

ಇದು ಮುದ್ರಕರ ಮರ್ಜಿ ಎನಿಸಿದರೂ ಎರಡು ಪದ್ಧತಿಗಳ ಹಿಂದೆಯೂ ಕಾರಣವಿದೆ. ಇಂಗ್ಲಿಷ್ ಪುಸ್ತಕವನ್ನು ಮುಖಪುಟ ಮೇಲಾಗುವಂತೆ ಮೇಜಿನ ಮೇಲೆ ಮಲಗಿಸಿದರೆ ಬೆನ್ನಿನ ಹೆಸರು ನೆಟ್ಟಗೆ ಕಾಣುತ್ತದೆ. ಒಂದರ ಮೇಲೊಂದು ಪೇರಿಸಿದರೂ ಕುತ್ತಿಗೆ ಬಗ್ಗಿಸದೆ ಓದಬಹುದು. ಜರ್ಮನ್ ಪುಸ್ತಕವನ್ನು ಹಾಗೆ ಮಲಗಿಸಿದರೆ ಹೆಸರು ತಲೆಕೆಳಗಾಗುತ್ತದೆ. ಆದರೆ ನಿಲ್ಲಿಸಿಟ್ಟಾಗ ಅದಕ್ಕೊಂದು ಅನುಕೂಲ ಸಿಗುತ್ತದೆ. ತಲೆಯನ್ನು ಎಡಕ್ಕೆ ವಾಲಿಸಿ ನೋಡಿದರೆ ಎಡಗಡೆಯ ಪುಸ್ತಕ ಮೇಲಿನ ಸಾಲಾಗಿ, ಅದರ ಬಲಕ್ಕಿರುವುದು ಕೆಳಗಿನ ಸಾಲಾಗಿ ಕಾಣುತ್ತದೆ. ಸಂಪುಟ ಒಂದು, ಎರಡು, ಮೂರು ಎಂದು ಜೋಡಿಸಿದ್ದರೆ ಪುಟ ಓದಿದಂತೆಯೇ ಓದಿಕೊಂಡು ಹೋಗಬಹುದು. ಇಂಗ್ಲಿಷ್ ಪದ್ಧತಿಯಲ್ಲಿ ತಲೆ ಬಲಕ್ಕೆ ವಾಲುವುದರಿಂದ ಮೊದಲ ಸಂಪುಟ ಎಲ್ಲಕ್ಕಿಂತ ಕೆಳಗಿನ ಸಾಲಾಗುತ್ತದೆ. ಅಂತರರಾಷ್ಟ್ರೀಯ ಪ್ರಮಾಣಕ ಸಂಸ್ಥೆ 1985ರ ಐಎಸ್ಒ 6357ರಲ್ಲಿ ಮೇಲಿಂದ ಕೆಳಕ್ಕೆ ಇಳಿಯುವ ಬರಹದ ಪರ ನಿಂತಿತು. ಯೂರೋಪಿನ ಅನೇಕ ಪ್ರಕಾಶಕರು ಅದನ್ನು ಗೌರವದಿಂದ ಕೇಳಿಸಿಕೊಂಡು ತಮ್ಮ ಹಳೆಯ ದಾರಿಯಲ್ಲೇ ನಡೆದಿದ್ದಾರೆ.

ಬೆನ್ನಿನ ಮೇಲೆ ಹೆಸರಿರಬೇಕೆಂಬುದೇ ಪುಸ್ತಕದ ಇತಿಹಾಸದಲ್ಲಿ ತಡವಾಗಿ ಬಂದ ಯೋಚನೆ. ಸ್ಪೇನಿನ ಎಲ್ ಎಸ್ಕೋರಿಯಲ್ ಗ್ರಂಥಾಲಯದಲ್ಲಿ ಇಂದಿಗೂ ಪುಸ್ತಕಗಳ ಬೆನ್ನು ಗೋಡೆಯ ಕಡೆಗೂ ಹಾಳೆಗಳ ಅಂಚು ನೋಡುವವರ ಕಡೆಗೂ ಇದೆ.

ಯಾವ ಕಡೆಗೆ ತಿರುಗಿಸಿದರೂ ಮಗ್ಗುಲಾದ ಬರಹ ಓದನ್ನು ನಿಧಾನಗೊಳಿಸುತ್ತದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಗಾರ್ಡನ್ ಲೆಗ್ ಅವರ ಬಳಗ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಇಂಗ್ಲಿಷ್ ಬರಹದಲ್ಲಿ ಅಳೆದು ನೋಡಿತು. ಸಾಲನ್ನು ಇಡಿಯಾಗಿ ಮಗ್ಗುಲಿಗೆ ತಿರುಗಿಸಿದಾಗ 100 ಪದ ಓದುವ ಹೊತ್ತಿನಲ್ಲಿ, ಮಾಮೂಲಿ ಸಾಲಿನಲ್ಲಿ ಸುಮಾರು 180 ಪದ ಓದಲಾಗುತ್ತಿತ್ತು. ಅಕ್ಷರಗಳನ್ನು ತಿರುಗಿಸದೆ ಒಂದರ ಕೆಳಗೊಂದು ಪೇರಿಸಿದ ಬರಹ ಎಲ್ಲಕ್ಕಿಂತ ನಿಧಾನ. ಕಾರಣ ಬಹುಮಟ್ಟಿಗೆ ಸರಳ. ಒಂದೇ ನೋಟಕ್ಕೆ ಕಣ್ಣು ಗುರುತಿಸಬಲ್ಲ ಅಕ್ಷರಗಳ ಸಂಖ್ಯೆ ಕುಗ್ಗುತ್ತದೆ, ಪದವನ್ನು ತುಂಡುತುಂಡಾಗಿ ನೋಡಬೇಕಾಗುತ್ತದೆ.

ಪೇರಿಸುವುದು ಕನ್ನಡಕ್ಕೆ ಇನ್ನೂ ಕಷ್ಟ. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಮಾತ್ರ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಎರಡು ಒತ್ತುಗಳನ್ನು ಹೊತ್ತು ನಿಲ್ಲುತ್ತದೆ. ನಮ್ಮ ಲಿಪಿಯ ಕಟ್ಟು ತಿಳಿಯದ ತಂತ್ರಾಂಶಕ್ಕೆ ‘ಪೇರಿಸು’ ಎಂದರೆ ದೀರ್ಘ ಒಂದು ಸಾಲಿಗೆ, ಒತ್ತು ಇನ್ನೊಂದು ಸಾಲಿಗೆ ಚದುರಿಬಿಡುತ್ತವೆ. ತೆಳ್ಳನೆಯ ಪುಸ್ತಕದ ಬೆನ್ನಿಗೂ ಇದೇ ತೊಂದರೆ. ಒತ್ತಕ್ಷರಗಳಿಗೆ ಜಾಗ ಬಿಡಬೇಕಾದ್ದರಿಂದ ಅಕ್ಷರದ ಗಾತ್ರವನ್ನೇ ಇಳಿಸಬೇಕಾಗುತ್ತದೆ.

ಆದರೂ ಮಗ್ಗುಲಾದ ಬರಹ ಓದುಗರನ್ನು ಕಾಯಿಸುತ್ತದೆಯೇ ಹೊರತು ಸಾಮಾನ್ಯವಾಗಿ ಮೋಸ ಮಾಡುವುದಿಲ್ಲ. ಕತ್ತು ವಾಲಿಸಿದರೆ ಸರಿಯಾದ ಹೆಸರೇ ಸಿಗುತ್ತದೆ. ಮೋಸ ಮಾಡುವುದು ತಲೆಕೆಳಗಾದ ಬರಹ, ಅದರಲ್ಲೂ ಅಂಕಿಗಳು. ಕನ್ನಡದ ಸಾಲನ್ನು ತಲೆಕೆಳಗು ಹಿಡಿದರೆ ತಲೆಕಟ್ಟುಗಳೆಲ್ಲ ಕೆಳಗಿಳಿದು, ಒತ್ತುಗಳು ಮೇಲೆ ಹತ್ತಿ, ಯಡವಟ್ಟು ಕೂಡಲೇ ಗೊತ್ತಾಗುತ್ತದೆ. ಆದರೆ ಬೆಲೆ, ಅಳತೆ, ಸರಣಿ ಸಂಖ್ಯೆಗಳನ್ನು ನಾವು ಅಚ್ಚು ಹಾಕುವುದು 1, 2, 3 ಎಂಬ ಅಂಕಿಗಳಲ್ಲಿ. ಆ ಹತ್ತರಲ್ಲಿ 0, 1, 8 ತಿರುಗಿಸಿದರೂ ತಾವೇ ಆಗಿ ಉಳಿಯುತ್ತವೆ, 6 ಮತ್ತು 9 ಒಂದು ಇನ್ನೊಂದಾಗುತ್ತವೆ. ಈ ಐದರಿಂದಲೇ ಆದ ಸಂಖ್ಯೆ ತಲೆಕೆಳಗಾದಾಗಲೂ ಸಂಖ್ಯೆಯಂತೆಯೇ ಕಾಣುತ್ತದೆ. ಓದಿದವರಿಗೆ ಅನುಮಾನ ಬರಲು ಕಾರಣವೇ ಇರುವುದಿಲ್ಲ.

ಕ್ಲಬ್ಬುಗಳಲ್ಲಿ, ಮದುವೆಯ ಹಿಂದಿನ ರಾತ್ರಿ ನೆಂಟರ ನಡುವೆ ಆಡುವ ತಂಬೋಲ ಇದಕ್ಕೆ ಒಳ್ಳೆಯ ಪರೀಕ್ಷೆ. ಚೀಲದಲ್ಲಿ 1ರಿಂದ 90ರವರೆಗಿನ ಬಿಲ್ಲೆಗಳಿರುತ್ತವೆ. ದುಂಡಗಿನ ಬಿಲ್ಲೆಗೆ ಮೇಲು ಕೆಳಗು ಇಲ್ಲ, ಕೈಗೆ ಹೇಗೆ ಬಂತೋ ಹಾಗೆ ಕೂಗುವುದು. ಎಷ್ಟು ಬಿಲ್ಲೆಗಳು ನಿಜವಾಗಿ ಅಪಾಯಕಾರಿ? 16 ತಿರುಗಿದರೆ 91, 66 ತಿರುಗಿದರೆ 99, 86 ತಿರುಗಿದರೆ 98. ಮೂರೂ ಆಟದಲ್ಲೇ ಇಲ್ಲದ ಸಂಖ್ಯೆಗಳಾದ್ದರಿಂದ ಕೂಗುವವರು ತಡೆದು ಬಿಲ್ಲೆ ತಿರುಗಿಸುತ್ತಾರೆ. 11, 69, 88 ಹೇಗೆ ಹಿಡಿದರೂ ಅವೇ. 60 ತಿರುಗಿದರೆ 09 ಆಗುತ್ತದೆ, ಮುಂದಿನ ಸೊನ್ನೆ ಗುಟ್ಟು ಬಿಟ್ಟುಕೊಡುತ್ತದೆ. ಕೊನೆಗೆ ಉಳಿಯುವುದು ನಾಲ್ಕೇ ಜೋಡಿ: 6 ಮತ್ತು 9, 18 ಮತ್ತು 81, 19 ಮತ್ತು 61, 68 ಮತ್ತು 89. ಇಲ್ಲಿ ತಿರುಗಿದ ಸಂಖ್ಯೆಯೂ ಆಟದಲ್ಲಿದೆ. ಹದಿನೆಂಟರ ಬಿಲ್ಲೆ ಹಿಡಿದು ಎಂಬತ್ತೊಂದು ಎಂದು ಕೂಗಿದರೆ, ನಿಜವಾದ ಎಂಬತ್ತೊಂದು ಚೀಲದಿಂದ ಹೊರಬರುವ ತನಕ ಯಾರಿಗೂ ತಿಳಿಯುವುದಿಲ್ಲ. ಅಷ್ಟರಲ್ಲಿ ಯಾರೋ ಸಾಲು ಮುಗಿಸಿ ಬಹುಮಾನ ಜೇಬಿಗಿಳಿಸಿರುತ್ತಾರೆ.

ಪರಿಹಾರ ಹಳೆಯದು, ಅಗ್ಗದ್ದು: ಅಂಕಿಯ ಕೆಳಗೊಂದು ಗೆರೆ. ಬಿಲಿಯರ್ಡ್ಸ್ ಮೇಜಿನ ಪೂಲ್ ಚೆಂಡುಗಳಲ್ಲಿ, ಊನೊ ಇಸ್ಪೀಟಿನಲ್ಲಿ 6 ಮತ್ತು 9ರ ಕೆಳಗೆ ಗೆರೆ ಇರುವುದು ಇದಕ್ಕೇ. ಗೆರೆ ಕಂಡ ಕಡೆ ಕೆಳಗು. 1ಕ್ಕೆ ಮೂಗು, ಪಾದ ಇಟ್ಟು ಬರೆದರೂ ಇದೇ ಕೆಲಸವಾಗುತ್ತದೆ. ತಿರುಗಿದಾಗ ಮೂಗು ಕೆಳಗೆ ಬಂದು ಎಚ್ಚರಿಸುತ್ತದೆ. ಬರಿಯ ಕಡ್ಡಿಯಂತೆ ಬರೆದ 1 ನೋಡಲು ಚೆಂದ, ಆದರೆ ಯಾವ ಸುಳಿವನ್ನೂ ಕೊಡುವುದಿಲ್ಲ.

ಇದೇ ಗುಣ ಎಲ್ಲೋ ಒಮ್ಮೆ ಉಪಕಾರವನ್ನೂ ಮಾಡುತ್ತದೆ. 22 ಕ್ಯಾರೆಟ್ ಚಿನ್ನದ ಮೇಲಿನ 916 ಗುರುತು ತಿರುಗಿಸಿದರೂ 916 ಆಗಿಯೇ ಉಳಿಯುತ್ತದೆ. ಉಂಗುರದ ಒಳಮೈಯಲ್ಲಿ ಅದನ್ನು ಯಾವ ಕಡೆಯಿಂದ ಓದಿದರೂ ತಪ್ಪಾಗದು. ಯಾರೂ ಹಾಗೆಂದು ಯೋಜಿಸಿದ್ದಲ್ಲ. ಸಾವಿರಕ್ಕೆ 916 ಭಾಗ ಶುದ್ಧ ಚಿನ್ನ ಎಂಬ ಲೆಕ್ಕ ಆಕಸ್ಮಿಕವಾಗಿ ಹಾಗೆ ಕೂತಿದೆ.

ಬಾಟಲಿಗಳ ವಿಷಯಕ್ಕೆ ಬಂದರೆ ತಪ್ಪು ಓದಿಗೆ ತೆರಬೇಕಾದ ಬೆಲೆ ಹೆಚ್ಚು. ಚುಚ್ಚುಮದ್ದು ತುಂಬಿದ ಚಿಕ್ಕ ಗಾಜಿನ ಆಂಪ್ಯೂಲನ್ನು ತೆಗೆದುಕೊಳ್ಳಿ. ಅದು ಒಂದು ಸೆಂಟಿಮೀಟರ್ ದಪ್ಪವಿದ್ದರೆ ಸುತ್ತಳತೆ ಮೂರು ಸೆಂಟಿಮೀಟರಿಗಿಂತ ತುಸು ಹೆಚ್ಚು. ಒಂದು ಸಲಕ್ಕೆ ಕಣ್ಣಿಗೆ ಬೀಳುವುದು ಅದರ ಅರ್ಧ ಮಾತ್ರ, ಅದರಲ್ಲೂ ಅಂಚಿನ ಅಕ್ಷರಗಳು ಗಾಜಿನ ಉರುಟಿನಲ್ಲಿ ಇಕ್ಕಟ್ಟಾಗಿರುತ್ತವೆ. ಹೆಸರನ್ನು ಅಡ್ಡಕ್ಕೆ, ಸುತ್ತಿ ಬರುವಂತೆ ಅಚ್ಚು ಹಾಕಿದರೆ ಉದ್ದನೆಯ ಹೆಸರಿನ ಒಂದು ತುದಿ ಹಿಂದಕ್ಕೆ ಸರಿಯುತ್ತದೆ. ನಾರ್‌ಅಡ್ರಿನಾಲಿನ್ ಎಂಬ ಹೆಸರಿನ ‘ನಾರ್’ ಹಿಂದೆ ಹೋದರೆ ಮುಂದೆ ಕಾಣುವುದು ಅಡ್ರಿನಾಲಿನ್. ಅದೂ ಒಂದು ಔಷಧವೇ, ಅದೂ ಅದೇ ತುರ್ತು ಚಿಕಿತ್ಸೆಯ ತಟ್ಟೆಯಲ್ಲಿ ಇರಬಹುದಾದದ್ದೇ. ತಂಬೋಲದ ಹದಿನೆಂಟರಂತೆ ಇಲ್ಲಿಯೂ ತಪ್ಪು ಓದು ಅರ್ಥವಿರುವ ಓದಾಗಿಬಿಡುತ್ತದೆ.

ಆದ್ದರಿಂದ ಆಂಪ್ಯೂಲಿನ ಮೇಲೆ ಹೆಸರು ಅದರ ಉದ್ದಕ್ಕೇ ಇರುವುದು ಒಳ್ಳೆಯದು. ನಿಲ್ಲಿಸಿದಾಗ ಅಕ್ಷರ ಮಗ್ಗುಲಾಗಿ ಕಾಣುತ್ತದೆ, ನಿಜ. ಆದರೆ ಆಂಪ್ಯೂಲನ್ನು ನಿಲ್ಲಿಸಿ ಓದುವವರು ಕಡಿಮೆ. ಅದು ತಟ್ಟೆಯಲ್ಲಿ ಮಲಗಿರುತ್ತದೆ, ಬೆರಳುಗಳ ನಡುವೆ ಅಡ್ಡ ಹಿಡಿಯಲಾಗುತ್ತದೆ. ಆಗ ಇಡೀ ಹೆಸರು ಒಂದೇ ನೋಟಕ್ಕೆ ಸಿಗುತ್ತದೆ. ಪುಸ್ತಕದ ಬೆನ್ನಿನಲ್ಲಿ ಅನನುಕೂಲವಾದ ಮಗ್ಗುಲ ಬರಹವೇ ಇಲ್ಲಿ ಹೆಚ್ಚು ಸುರಕ್ಷಿತ. ವಸ್ತುವನ್ನು ಓದುವ ಹೊತ್ತಿಗೆ ಅದು ಯಾವ ಭಂಗಿಯಲ್ಲಿರುತ್ತದೆ ಎಂದು ಕೇಳದೆ ಅಕ್ಷರದ ದಿಕ್ಕು ನಿರ್ಧರಿಸುವಂತಿಲ್ಲ. ಅಮೆರಿಕದ ಹೈಂಜ್ ಕಂಪನಿ 2002ರಲ್ಲಿ ಮುಚ್ಚಳದ ಮೇಲೆ ನಿಲ್ಲುವ ಕೆಚಪ್ ಬಾಟಲಿ ತಂದಾಗ ಲೇಬಲನ್ನೂ ತಿರುಗಿಸಿದ್ದು ಈ ಕಾರಣಕ್ಕೆ. ಜನ ಅದಕ್ಕೆ ಮೊದಲೇ ಬಾಟಲಿಯನ್ನು ಬೋರಲು ಇಡುತ್ತಿದ್ದರು, ಲೇಬಲ್ ಮಾತ್ರ ಹಟ ಹಿಡಿದಿತ್ತು.

ಸಲೈನ್ ಬಾಟಲಿಗೆ ಎರಡು ಭಂಗಿಗಳೂ ಇವೆ. ಕಪಾಟಿನಲ್ಲಿ ನಿಂತಿರುತ್ತದೆ, ಕೆಲಸ ಮಾಡುವಾಗ ಬಾಯಿ ಕೆಳಗಾಗಿ ನೇತಾಡುತ್ತದೆ. ಅದಕ್ಕೇ ಅನೇಕ ಬಾಟಲಿಗಳಲ್ಲಿ ಎರಡು ಅಳತೆಪಟ್ಟಿಗಳಿರುತ್ತವೆ, ಒಂದು ತಳದಿಂದ ಮೇಲಕ್ಕೆ ಎಣಿಸುವುದು, ಇನ್ನೊಂದು ಬಾಯಿಯ ಕಡೆಯಿಂದ. 500 ಮಿಲಿಲೀಟರಿನ ಬಾಟಲಿಯಲ್ಲಿ ಒಂದೇ ಗೆರೆ ಒಂದು ಪಟ್ಟಿಯಲ್ಲಿ 100, ಇನ್ನೊಂದರಲ್ಲಿ 400. ನೇತಾಡುವ ಬಾಟಲಿಯಲ್ಲಿ ಉಳಿದ ದ್ರವ ತಿಳಿಯಬೇಕಾದರೆ ಬಾಯಿಯ ಕಡೆಯಿಂದ ಎಣಿಸುವ ಪಟ್ಟಿಯನ್ನು ನೋಡಬೇಕು. ತಳದಿಂದ ಎಣಿಸುವುದನ್ನು ನೋಡಿದರೆ ಸಿಗುವುದು ಆಗಲೇ ಹರಿದುಹೋದ ಪ್ರಮಾಣ.

ತಾಸಿಗೆ 100 ಮಿಲಿಲೀಟರಿನಂತೆ ಹನಿಯುತ್ತಿದೆ ಎಂದುಕೊಳ್ಳಿ. ಉಳಿದಿರುವುದು 100, ನರ್ಸ್ ಓದಿದ್ದು 400. ಇನ್ನೂ ನಾಲ್ಕು ತಾಸು ಇದೆಯೆಂದು ಬೇರೆ ವಾರ್ಡಿಗೆ ಹೋಗಿ ಮೂರು ತಾಸು ಕಳೆದು ಬಂದರೆ, ಬಾಟಲಿ ಖಾಲಿಯಾಗಿ ಆಗಲೇ ಎರಡು ತಾಸಾಗಿರುತ್ತದೆ. ಸರಿಯಾಗಿ 250ರ ಗೆರೆಯಲ್ಲಿ ಮಾತ್ರ ಎರಡೂ ಪಟ್ಟಿಗಳು ಒಂದೇ ಉತ್ತರ ಕೊಡುತ್ತವೆ.

ಒಂದು ಪಟ್ಟಿಯ ಅಂಕಿಗಳನ್ನು ಇನ್ನೊಂದಕ್ಕೆ ವಿರುದ್ಧ ದಿಕ್ಕಿನಲ್ಲಿ ಅಚ್ಚು ಹಾಕಿದ್ದರೆ ಈ ತಪ್ಪು ಕಷ್ಟ. 200, 300, 400ರ ಅಂಕಿಗಳು ತಿರುಗಿದರೆ ಬೇರೆ ಸಂಖ್ಯೆಯಾಗುವುದಿಲ್ಲ, ತಲೆಕೆಳಗಾದ ಗೀಚಾಗಿ ಕಾಣುತ್ತವೆ, 100 ಕೂಡ 001 ಆಗಿ ತನ್ನನ್ನು ತಾನೇ ತೋರಿಸಿಕೊಡುತ್ತದೆ. ಎರಡು ಪಟ್ಟಿಗಳನ್ನೂ ಒಂದೇ ದಿಕ್ಕಿಗೆ ಅಚ್ಚು ಹಾಕಿದ ಬಾಟಲಿಯಲ್ಲಿ ಈ ಎಚ್ಚರಿಕೆ ಇಲ್ಲ. ಅಂಥ ಕಡೆ ಅನುಭವಿ ನರ್ಸುಗಳು ಅಚ್ಚಿನ ಅಂಕಿಯನ್ನು ಪಕ್ಕಕ್ಕಿಟ್ಟು, ಬಾಟಲಿಯನ್ನು ನೇತುಹಾಕಿದ ಮೇಲೆ ಅದರ ಉದ್ದಕ್ಕೆ ಬಿಳಿ ಟೇಪು ಅಂಟಿಸುತ್ತಾರೆ. ಹತ್ತು ಗಂಟೆಗೆ ದ್ರವ ಎಲ್ಲಿರಬೇಕು, ಹನ್ನೊಂದಕ್ಕೆ ಎಲ್ಲಿರಬೇಕು ಎಂದು ಅದರ ಮೇಲೆ ಪೆನ್ನಿನಲ್ಲಿ ಗುರುತು ಹಾಕುತ್ತಾರೆ.