46 ಇದ್ದರೂ ಒಂದು ಹೆಚ್ಚು

ಕ್ಯಾರಿಯೋಟೈಪ್ ವರದಿ ಕೈಗೆ ಬಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಅಂಕಿಯ ಮೇಲೆ. 46 ಇದ್ದರೆ ನೆಮ್ಮದಿ, 47 ಇದ್ದರೆ ಗಾಬರಿ. ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂರುವವರು ಮಾತ್ರ ಬರೀ ಎಣಿಕೆಯನ್ನು ಅಷ್ಟು ಬೇಗ ನಂಬುವುದಿಲ್ಲ.

ವರ್ಣತಂತುಗಳು ಬಿಡಿಬಿಡಿಯಾಗಿ ಕಾಣುವುದೇ ಜೀವಕೋಶ ಒಡೆದು ಎರಡಾಗುವ ಹೊತ್ತಿನಲ್ಲಿ. ಹಾಗಾಗಿ ರಕ್ತದ ಬಿಳಿ ಕಣಗಳನ್ನು ಸುಮಾರು ಮೂರು ದಿನ ಬೆಳೆಸಿ, ಒಡೆಯುವ ಹಂತದಲ್ಲೇ ಔಷಧಿ ಹಾಕಿ ತಡೆಯುತ್ತಾರೆ. ಆಮೇಲೆ ತೆಳುವಾದ ಲವಣದ ನೀರಿನಲ್ಲಿ ಇಟ್ಟರೆ ಕೋಶಗಳು ಉಬ್ಬಿ, ಒಳಗೆ ಸಿಕ್ಕುಗಟ್ಟಿದ್ದ ವರ್ಣತಂತುಗಳು ದೂರದೂರ ಸರಿಯುತ್ತವೆ. ಈ ಉಪಾಯ ಕೈಗೆ ಸಿಗುವವರೆಗೆ ವಿಜ್ಞಾನಿಗಳೇ ದಶಕಗಳ ಕಾಲ ಮನುಷ್ಯನಿಗೆ 48 ಎಂದು ನಂಬಿಕೊಂಡಿದ್ದರು. 46 ಎಂಬ ಸರಿಯಾದ ಲೆಕ್ಕ ಸಿಕ್ಕಿದ್ದು 1955ರ ಕೊನೆಗೆ, ಸ್ವೀಡನ್ನಿನ ಲುಂಡ್‌ನಲ್ಲಿ ತ್ಜಿಯೊ ಮತ್ತು ಲೆವಾನ್ ಅವರಿಗೆ.

ಚೆನ್ನಾಗಿ ಹರಡಿಕೊಂಡ ಒಂದು ಕೋಶದ ಫೋಟೊ ತೆಗೆದು, ವರ್ಣತಂತುಗಳನ್ನು ಜೋಡಿ ಮಾಡಿ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದ ಚಿತ್ರವೇ ಕ್ಯಾರಿಯೋಟೈಪ್. ಜೀಮ್ಸಾ ಎಂಬ ಬಣ್ಣ ಹಾಕಿದಾಗ ಪ್ರತಿ ವರ್ಣತಂತುವಿನ ಮೇಲೂ ಕಪ್ಪು–ಬಿಳುಪು ಪಟ್ಟೆಗಳು ಏಳುತ್ತವೆ. ಗಾತ್ರ ಒಂದೇ ಇದ್ದರೂ ಪಟ್ಟೆಗಳ ಸಾಲು ಬೇರೆ ಇರುವುದರಿಂದ ಯಾವುದು ಯಾವುದೆಂದು ಗುರುತಿಸಬಹುದು.

ಒಂದು ಮಗುವಿನ ಚಿತ್ರ ಮುಂದಿದೆ ಎಂದುಕೊಳ್ಳಿ. ಎಣಿಸಿದರೆ 47. ದೊಡ್ಡವೆಲ್ಲ ಎರಡೆರಡೇ ಇವೆ, ಸಂಶಯ ಇರುವುದು ಕೊನೆಯ ಪುಟಾಣಿಗಳಲ್ಲಿ. 21, 22 ಮತ್ತು ವೈ ಈ ಮೂರೂ ನೋಡಲು ಹೆಚ್ಚುಕಡಿಮೆ ಒಂದೇ ಥರ: ಚಿಕ್ಕ ಗಾತ್ರ, ಮೇಲಿನ ತೋಳು ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ. ಗಂಡುಮಗುವಿನಲ್ಲಿ ಇಂಥವು ಐದು ಇರಬೇಕು, ಹೆಣ್ಣುಮಗುವಿನಲ್ಲಿ ನಾಲ್ಕು. ಅಂದರೆ ಐದು ಪುಟಾಣಿಗಳು ಕಂಡರೆ ಅದು ಆರೋಗ್ಯವಂತ ಹುಡುಗನೂ ಆಗಿರಬಹುದು, 21 ಒಂದು ಹೆಚ್ಚಿರುವ ಹುಡುಗಿಯೂ ಆಗಿರಬಹುದು. ಅದಕ್ಕೇ ಲಿಂಗ ಯಾವುದೆಂದು ತಿಳಿಯದೆ ಈ ಸಾಲಿನ ಲೆಕ್ಕ ಮುಗಿಯುವುದಿಲ್ಲ.

ಎಕ್ಸ್ ಹುಡುಕಬೇಕಾದದ್ದು ಮಧ್ಯಮ ಗಾತ್ರದವರ ಗುಂಪಿನಲ್ಲಿ. ಅದರ ಎರಡೂ ತೋಳುಗಳಲ್ಲಿ ನಡುವಿನಿಂದ ಹೆಚ್ಚುಕಡಿಮೆ ಒಂದೇ ದೂರಕ್ಕೆ ಒಂದೊಂದು ದಟ್ಟ ಪಟ್ಟೆ ಇರುತ್ತದೆ. ನಮ್ಮ ಚಿತ್ರದಲ್ಲಿ ಎಕ್ಸ್ ಒಂದೇ ಇದೆ. ಹಾಗಾದರೆ ಪುಟಾಣಿಗಳಲ್ಲಿ ಒಂದು ವೈ ಇರಬೇಕು. ಕೆಳಗಿನ ಎರಡು ಕಾಲುಗಳು ಒತ್ತಾಗಿ ಅಂಟಿಕೊಂಡಂತೆ ನಿಂತಿರುವುದೇ ಅದು. ಸಾಮಾನ್ಯವಾಗಿ ಗಂಡು ಎಂದು ತೀರ್ಮಾನಿಸುವುದು ವೈ ಇರುವುದರಿಂದಲೇ ಹೊರತು ಎಕ್ಸ್ ಎಷ್ಟಿವೆ ಎಂಬುದರಿಂದಲ್ಲ. 47,XXY ಇರುವವರು ಗಂಡಸರು, 45,X ಇರುವವರು ಹೆಂಗಸರು. (ನಮ್ಮ ದೇಶದಲ್ಲಿ ಗರ್ಭದಲ್ಲಿರುವ ಮಗುವಿನ ಪರೀಕ್ಷೆಯಾದರೆ ಲಿಂಗವನ್ನು ತಿಳಿಸುವಂತಿಲ್ಲ, 1994ರ ಕಾನೂನು ಅದನ್ನು ನಿಷೇಧಿಸಿದೆ.)

ವೈ ಬಿಟ್ಟರೆ ಉಳಿದವು ಐದು. 21ರ ಕೆಳತೋಳಿನಲ್ಲಿ, ಮೇಲ್ಭಾಗದಲ್ಲೇ ಒಂದು ದಪ್ಪ ಕಪ್ಪು ಪಟ್ಟೆ ಎದ್ದು ಕಾಣುತ್ತದೆ. 22 ಬಹುಪಾಲು ಬಿಳುಚಿಕೊಂಡಿರುತ್ತದೆ. ಇಲ್ಲಿ ಕಪ್ಪು ಪಟ್ಟೆಯವು ಮೂರು, ಬಿಳುಚಿದವು ಎರಡು. ವರದಿಯಲ್ಲಿ ಬರೆಯುವುದು `47,XY,+21` ಎಂದು. ಇದು ಡೌನ್ ಸಿಂಡ್ರೋಮ್. 1959ರಲ್ಲಿ ಪ್ಯಾರಿಸ್ಸಿನಲ್ಲಿ ಲೆಜೂನ್ ಮತ್ತು ಸಂಗಡಿಗರು ಈ ಹೆಚ್ಚುವರಿಯನ್ನು ಪ್ರಕಟಿಸಿದಾಗ ಪಟ್ಟೆಗಳ ಸಹಾಯ ಇರಲಿಲ್ಲ. ಆ ಪುಟಾಣಿಗೆ 21 ಎಂಬ ಸಂಖ್ಯೆ ಅಂಟಿಕೊಂಡ ಮೇಲೆ ಅದು 22ಕ್ಕಿಂತಲೂ ಚಿಕ್ಕದು ಎಂದು ಗೊತ್ತಾಯಿತು, ಆದರೂ ಹೆಸರು ಬದಲಿಸಲು ಯಾರೂ ಹೋಗಲಿಲ್ಲ.

ಒಂದೇ ಕೋಶ ನೋಡಿ ಯಾರೂ ವರದಿ ಬರೆಯುವುದಿಲ್ಲ. ಸ್ಲೈಡಿನ ಮೇಲೆ ಹನಿ ಬೀಳಿಸುವಾಗ ಒಂದು ವರ್ಣತಂತು ಎತ್ತಲೋ ಸರಿದುಹೋಗಿ 45 ಕಾಣುವುದು ದಿನನಿತ್ಯದ ಮಾತು. ಅದಕ್ಕೆ ಸಾಮಾನ್ಯವಾಗಿ 20 ಕೋಶಗಳನ್ನು ಎಣಿಸುತ್ತಾರೆ. ಒಂದೊಂದು ಕೋಶದಲ್ಲಿ ಒಂದೊಂದು ಕಾಣೆಯಾಗಿದ್ದರೆ ಅದು ಸ್ಲೈಡಿನ ದೋಷ. 14 ಕೋಶಗಳಲ್ಲಿ 47, ಆರರಲ್ಲಿ 46 ಬಂದರೆ ಅದು ದೋಷವಲ್ಲ, ಮಗುವಿನ ಮೈಯಲ್ಲೇ ಎರಡು ಬಗೆಯ ಕೋಶಗಳಿವೆ ಎಂದರ್ಥ.

ಇನ್ನು ಎಣಿಕೆಯೇ ದಾರಿ ತಪ್ಪಿಸುವ ಪ್ರಸಂಗ. ಮಗುವಿನಲ್ಲಿ ಡೌನ್ ಸಿಂಡ್ರೋಮಿನ ಲಕ್ಷಣಗಳಿವೆ, ಎಣಿಸಿದರೆ ಎಲ್ಲ ಕೋಶಗಳಲ್ಲೂ 46, ಪುಟಾಣಿಗಳ ಸಾಲಿನಲ್ಲಿ 21 ಎರಡೇ. ಆಗ 14ನೇ ಜೋಡಿಯನ್ನು ನೋಡಬೇಕು. ಒಂದು 14 ಸರಿಯಾಗಿದೆ, ಇನ್ನೊಂದರ ತಲೆಯ ಮೇಲೆ ಇರಬಾರದ ಒಂದು ತೋಳು ಇದೆ, ಆ ತೋಳಿನಲ್ಲಿ ಅದೇ ದಪ್ಪ ಕಪ್ಪು ಪಟ್ಟೆ. ಮೂರನೆಯ 21 ಅಲ್ಲಿ ಬೆಸೆದುಕೊಂಡಿದೆ. ಡೌನ್ ಸಿಂಡ್ರೋಮಿನ ನೂರು ಮಕ್ಕಳಲ್ಲಿ ಮೂರ್ನಾಲ್ಕು ಮಂದಿಯಲ್ಲಿ ಹೆಚ್ಚುವರಿ 21 ಹೀಗೆ ಬೇರೊಂದಕ್ಕೆ ಅಂಟಿಕೊಂಡಿರುತ್ತದೆ.

ಇಂಥ ವರದಿ ಬಂದರೆ ಅಪ್ಪ–ಅಮ್ಮನ ರಕ್ತವನ್ನೂ ಪರೀಕ್ಷಿಸಲೇಬೇಕು. ಕೆಲವೊಮ್ಮೆ ತಾಯಿಯಲ್ಲೇ ಬೆಸೆದ 14–21 ಇರುತ್ತದೆ. ಆಕೆಯ ಎಣಿಕೆ 45, ಆದರೆ ಅಂಶ ಯಾವುದೂ ಹೆಚ್ಚುಕಡಿಮೆ ಆಗಿಲ್ಲದ್ದರಿಂದ ಆರೋಗ್ಯ ಚೆನ್ನಾಗಿಯೇ ಇರುತ್ತದೆ. ಅವಳ ಮುಂದಿನ ಮಗುವಿನಲ್ಲಿ ಡೌನ್ ಸಿಂಡ್ರೋಮ್ ಬರುವ ಸಾಧ್ಯತೆ ನೂರಕ್ಕೆ ಹತ್ತರಿಂದ ಹದಿನೈದು. ಬೆಸುಗೆ ತಂದೆಯಲ್ಲಿದ್ದರೆ ಅದು ಒಂದೆರಡಕ್ಕೆ ಇಳಿಯುತ್ತದೆ. ಇಬ್ಬರ ವರದಿಯೂ ಸರಿಯಾಗಿದ್ದರೆ ಬೆಸುಗೆ ಆ ಮಗುವಿನಲ್ಲೇ ಹೊಸದಾಗಿ ಆದದ್ದು, ಮರುಕಳಿಸುವ ಭಯ ತೀರಾ ಕಡಿಮೆ.