ಕೈಬಿಸಿಗೆ ಬೆಳೆಯುವ ಉಕ್ಕು

ಪೀಣ್ಯದ ಯಾವುದೇ ಒಳ್ಳೆಯ ಟೂಲ್‌ರೂಮಿಗೆ ಹೋದರೂ ಮರದ ಪೆಟ್ಟಿಗೆಯೊಂದರಲ್ಲಿ ಸಾಲಾಗಿ ಜೋಡಿಸಿಟ್ಟ, ಕನ್ನಡಿಯಂತೆ ಹೊಳೆಯುವ ಚಪ್ಪಟೆ ತುಂಡುಗಳು ಕಾಣುತ್ತವೆ. ಕೆಲಸಗಾರರ ಮಾತಿನಲ್ಲಿ ಅವು ಸ್ಲಿಪ್ ಗೇಜ್‌ಗಳು. ಸ್ವೀಡನ್ನಿನ ಬಂದೂಕು ಕಾರ್ಖಾನೆಯಲ್ಲಿದ್ದ ಸಿ. ಇ. ಯೋಹಾನ್ಸನ್ 1896ರಲ್ಲಿ ಇವುಗಳ ಕಲ್ಪನೆ ಮಾಡಿದ. ಬೇರೆ ಬೇರೆ ಅಳತೆಯ ಕೆಲವೇ ತುಂಡುಗಳನ್ನು ಒಂದಕ್ಕೊಂದು ಅಂಟಿಸಿ ಸಾವಿರಾರು ಅಳತೆಗಳನ್ನು ಕಟ್ಟಬಹುದು. ಮೈಕ್ರೋಮೀಟರ್ ಸರಿಯಿದೆಯೇ ಎಂದು ನೋಡುವುದು ಇವುಗಳಿಂದ. ಹಾಗಾದರೆ ಇವು ಸರಿಯಿವೆಯೇ ಎಂದು ನೋಡುವುದು ಹೇಗೆ?

ಉತ್ತರ ಸರಳ: ಇನ್ನೊಂದು ಸ್ಲಿಪ್ ಗೇಜ್ ಜೊತೆ ಹೋಲಿಸಿ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಂಥ ಕಡೆ ಬೆಳಕಿನ ತರಂಗದ ಲೆಕ್ಕದಲ್ಲಿ ಅಳೆಸಿ ತಂದ ಮಾಸ್ಟರ್ ಸೆಟ್ ಒಂದಿರುತ್ತದೆ. ಅದರ ಪ್ರತಿಯೊಂದು ತುಂಡಿಗೂ, ಹೆಸರಿನ ಅಳತೆಗಿಂತ ಎಷ್ಟು ಹೆಚ್ಚು ಅಥವಾ ಎಷ್ಟು ಕಡಿಮೆ ಎಂಬ ಅಂಕಿ ಸರ್ಟಿಫಿಕೇಟಿನಲ್ಲಿದೆ. ಮಾಸ್ಟರನ್ನು ಕಂಪೇರೇಟರಿನ ಎರಡು ಪ್ರೋಬ್‌ಗಳ ನಡುವೆ ಇಡುತ್ತಾರೆ. ಒಂದು ಪ್ರೋಬ್ ಮೇಲಿನಿಂದ, ಇನ್ನೊಂದು ಕೆಳಗಿನಿಂದ ತುಂಡನ್ನು ಮುಟ್ಟುತ್ತದೆ. ಓದನ್ನು ಸೊನ್ನೆಗೆ ತಂದು, ಪರೀಕ್ಷೆಯ ತುಂಡನ್ನು ಪಕ್ಕದಿಂದ ಆ ಜಾಗಕ್ಕೆ ಸರಿಸಿ ವ್ಯತ್ಯಾಸ ನೋಡುತ್ತಾರೆ. ಇಬ್ಬರು ಮಕ್ಕಳನ್ನು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ ಯಾರು ಎತ್ತರ ಎಂದು ನೋಡಿದ ಹಾಗೆ. ನಡುಬಿಂದುವಿನ ಓದು ತುಂಡಿನ ಉದ್ದ ಹೇಳುತ್ತದೆ. ನಾಲ್ಕು ಮೂಲೆಗಳಲ್ಲಿ, ಅಂಚಿನಿಂದ ಸುಮಾರು ಒಂದೂವರೆ ಮಿಲಿಮೀಟರ್ ಒಳಗೆ ತೆಗೆದ ಓದುಗಳು ಎರಡು ಮುಖಗಳು ಎಷ್ಟು ಸಮಾನಾಂತರವಾಗಿವೆ ಎಂದು ಹೇಳುತ್ತವೆ.

ಈ ವಿಧಾನದ ಜಾಣತನವೆಲ್ಲ ಕಳೆಯುವುದರಲ್ಲಿದೆ. ಎರಡೂ ತುಂಡುಗಳಿಗೆ ಒಂದೇ ರೀತಿ ಆಗುವ ದೋಷ ವ್ಯತ್ಯಾಸದಲ್ಲಿ ಕಳೆದುಹೋಗುತ್ತದೆ, ಒಂದಕ್ಕೆ ಮಾತ್ರ ಆದದ್ದು ಹಾಗೇ ಉಳಿಯುತ್ತದೆ. ಆದ್ದರಿಂದ ಕೋಣೆ ನಿಖರವಾಗಿ 20 ಡಿಗ್ರಿಯಲ್ಲಿದೆಯೇ ಎಂಬುದಕ್ಕಿಂತ, ಎರಡು ತುಂಡುಗಳೂ ಒಂದೇ ಉಷ್ಣತೆಯಲ್ಲಿವೆಯೇ ಎಂಬುದು ದೊಡ್ಡ ಪ್ರಶ್ನೆ. (ಉದ್ದದ ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಆದದ್ದು 1931ರಲ್ಲಿ.) ಕೋಣೆ 20.3 ಇದ್ದು, ಎರಡೂ ಉಕ್ಕಿನ ತುಂಡುಗಳು ಅಷ್ಟೇ ಬಿಸಿಯಾಗಿದ್ದರೆ ನಷ್ಟ ಹೆಚ್ಚೇನಿಲ್ಲ.

ಆದರೆ ಕೈ ಇದೆಯಲ್ಲ, ಅದು ಸುಮಾರು 33 ಡಿಗ್ರಿ! ಉಕ್ಕಿನ 100 ಮಿಲಿಮೀಟರ್ ತುಂಡು ಒಂದು ಡಿಗ್ರಿ ಬಿಸಿಯಾದರೆ ಸುಮಾರು 1.15 ಮೈಕ್ರಾನ್ ಬೆಳೆಯುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಆ ಉದ್ದದ, 0 ಗ್ರೇಡ್‌ನ ತುಂಡಿಗೆ ಮಾನಕ ಬಿಟ್ಟಿರುವ ಅವಕಾಶ ಆಚೆಗೆ 0.30, ಈಚೆಗೆ 0.30 ಮೈಕ್ರಾನ್ ಮಾತ್ರ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. 100 ಮಿಲಿಮೀಟರ್ ಮಾಸ್ಟರ್ ಸರ್ಟಿಫಿಕೇಟಿನ ಪ್ರಕಾರ 0.12 ಮೈಕ್ರಾನ್ ಹೆಚ್ಚು. ಪರೀಕ್ಷೆಗೆ ಬಂದ ತುಂಡು ಸವೆದಿದೆ; ಅದು ನಿಜಕ್ಕೂ 0.38 ಕಡಿಮೆ, ಅಂದರೆ 0 ಗ್ರೇಡ್‌ನಲ್ಲಿ ಉಳಿಯಬಾರದು. ಒರೆಸಲು ಹಿಡಿದುಕೊಂಡಾಗ ಕೈಯ ಬಿಸಿ ತಗುಲಿ ಅದು ಮಾಸ್ಟರಿಗಿಂತ ಇನ್ನೂ 0.2 ಡಿಗ್ರಿ ಹೆಚ್ಚು ಬಿಸಿಯಾಗಿದೆ ಎಂದಿಟ್ಟುಕೊಳ್ಳಿ. ಕಂಪೇರೇಟರ್ 0.50 ಕಡಿಮೆ ಎಂದು ತೋರಿಸಬೇಕಿತ್ತು. ಬಿಸಿಯ ದೆಸೆಯಿಂದ 0.27 ಕಡಿಮೆ ಎನ್ನುತ್ತದೆ. ಮಾಸ್ಟರಿನ 0.12 ಕೂಡಿಸಿದರೆ ತುಂಡು ಬರೀ 0.15 ಕಡಿಮೆ ಎಂದಾಯಿತು. ಸವೆದ ತುಂಡು ಪಾಸ್!

ಇದನ್ನು ಹಿಡಿಯುವ ಉಪಾಯ ಕಾಯುವುದು, ಕಾದು ಮತ್ತೆ ಓದುವುದು. ಉಷ್ಣತೆಯ ಅಂತರ ಹತ್ತು ನಿಮಿಷಕ್ಕೆ ಅರ್ಧವಾಗುತ್ತದೆ ಎಂದಾದರೆ ಓದುಗಳು 0.27, 0.38, 0.44, 0.47 ಎಂದು ಒಂದೇ ದಿಕ್ಕಿನಲ್ಲಿ ಜಾರುತ್ತ 0.50ರ ಬಳಿ ನಿಲ್ಲುತ್ತವೆ. ಓದು ಎರಡೂ ಕಡೆಗೆ ಅಷ್ಟಿಷ್ಟು ಆಡಿದರೆ ಅದು ಯಂತ್ರದ ಸಹಜ ನಡುಕ. ಒಂದೇ ಕಡೆಗೆ ಸರಿಯುತ್ತಲೇ ಇದ್ದರೆ ಬಿಸಿ ಇನ್ನೂ ಆರಿಲ್ಲ ಎಂದರ್ಥ. ಅದಕ್ಕೇ ಅನುಭವಸ್ಥರು ಮಾಸ್ಟರ್, ಪರೀಕ್ಷೆಯ ತುಂಡು, ಮತ್ತೆ ಪರೀಕ್ಷೆಯ ತುಂಡು, ಮತ್ತೆ ಮಾಸ್ಟರ್ ಎಂಬ ಸರದಿಯಲ್ಲಿ ಓದುತ್ತಾರೆ. ಯಂತ್ರವೇ ಒಂದೇ ವೇಗದಲ್ಲಿ ಜಾರುತ್ತಿದ್ದರೆ ಆ ಜಾರು ಸರಾಸರಿಯಲ್ಲಿ ಅಳಿಸಿಹೋಗುತ್ತದೆ.

ಕಾಯಿಸುವುದಕ್ಕೂ ಕ್ರಮವಿದೆ. ಮೊದಲು ತೊಳೆಯಬೇಕು, ಆಮೇಲೆ ನೆನೆಯಲು ಬಿಡಬೇಕು. ಆಲ್ಕೋಹಾಲ್ ಆರುವಾಗ ತುಂಡನ್ನು ತಂಪು ಮಾಡುತ್ತದೆ, ಹಾಗಾಗಿ ಒರೆಸಿದ ತಕ್ಷಣ ಓದಿದರೆ ತಪ್ಪು ಈ ಸಲ ಎದುರು ದಿಕ್ಕಿನಲ್ಲಿ ಬರುತ್ತದೆ. ಅಂಚಿನಲ್ಲಿ ಗೀರಿನ ಮುಳ್ಳು ಎದ್ದಿದ್ದರೆ ನಯವಾದ ಕಲ್ಲಿನಿಂದ ತೆಗೆಯುವುದೂ ಈ ಹಂತದಲ್ಲೇ. ನಂತರ ಮಾಸ್ಟರನ್ನೂ ಪರೀಕ್ಷೆಯ ತುಂಡನ್ನೂ ಕಂಪೇರೇಟರಿನ ಪಕ್ಕದ ದಪ್ಪ ಲೋಹದ ಹಲಗೆಯ ಮೇಲೆ ಜೋಡಿಯಾಗಿ ಇಡುತ್ತಾರೆ. ಗಾಳಿಗಿಂತ ಲೋಹ ಬೇಗ ಬಿಸಿಯನ್ನು ಹಂಚುತ್ತದೆ. ಸಣ್ಣ ತುಂಡುಗಳು ಬೇಗ ಸಮವಾಗುತ್ತವೆ. 100 ಮಿಲಿಮೀಟರಿನವಕ್ಕೆ ಗಂಟೆಗಟ್ಟಲೆ ಬೇಕು, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಮುಂದೆ ಕೈ ಸೋಕಿಸುವ ಹಾಗಿಲ್ಲ, ಚಿಮಟವೇ ಗತಿ. ಓದುವವರ ಉಸಿರು ತಾಗದಿರಲೆಂದು ಮುಂದೆ ಪಾರದರ್ಶಕ ಪರದೆ ಇರುತ್ತದೆ.

ಇನ್ನೊಂದು ಅಸಮಾನತೆ ಎಷ್ಟು ಕಾದರೂ ಹೋಗುವುದಿಲ್ಲ. ಪ್ರೋಬಿನ ತುದಿ ವಜ್ರದ ಗೋಳಾಕಾರದ ಮೊನೆ, ತ್ರಿಜ್ಯ ಒಂದೂವರೆ ಮಿಲಿಮೀಟರಿನಷ್ಟು. ಅದು ಸುಮಾರು ಒಂದು ನ್ಯೂಟನ್ ಬಲದಿಂದ ಒತ್ತುತ್ತದೆ. ನೂರು ಗ್ರಾಮ್ ತೂಕದ ಒತ್ತಡ. ಗೋಳ ಸಮತಲವನ್ನು ಮುಟ್ಟುವುದು ಬಹಳ ಸಣ್ಣ ಜಾಗದಲ್ಲಿ, ಆದ್ದರಿಂದ ಇಷ್ಟಕ್ಕೇ ಗಟ್ಟಿ ಉಕ್ಕೂ ತಗ್ಗುತ್ತದೆ. ಬಲ ತೆಗೆದರೆ ಮತ್ತೆ ಮೇಲೇಳುತ್ತದೆ, ಗುರುತೂ ಉಳಿಯುವುದಿಲ್ಲ. ಇದರ ಲೆಕ್ಕವನ್ನು 1880ರ ದಶಕದ ಆರಂಭದಲ್ಲಿ ಕೊಟ್ಟವನು ಹೈನ್‌ರಿಶ್ ಹರ್ಟ್ಸ್, ಮುಂದೆ ರೇಡಿಯೋ ತರಂಗಗಳಿಂದ ಹೆಸರಾದವನೇ. ಆ ಲೆಕ್ಕ ಹಾಕಿದರೆ ಉಕ್ಕಿನ ತುಂಡಿನ ಮೇಲೆ ಈ ಪ್ರೋಬ್ ಸುಮಾರು 0.22 ಮೈಕ್ರಾನ್ ಇಳಿಯುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಉಕ್ಕಿಗಿಂತ ಮೂರು ಪಟ್ಟು ಬಿರುಸು, ಅದರ ಮೇಲೆ 0.13 ಮಾತ್ರ. ಕೆಳಗಿನ ಪ್ರೋಬ್ ಇದರ ಮೂರರಲ್ಲೆರಡು ಬಲದಿಂದ ಒತ್ತಿದರೆ, ಎರಡೂ ಕಡೆ ಸೇರಿ ಉಕ್ಕು 0.39, ಕಾರ್ಬೈಡ್ 0.23 ತಗ್ಗುತ್ತದೆ.

ಉಕ್ಕಿಗೆ ಉಕ್ಕನ್ನೇ ಹೋಲಿಸಿದರೆ ಎರಡೂ ಅಷ್ಟಕ್ಕಷ್ಟೇ ತಗ್ಗಿ ಲೆಕ್ಕ ಚುಕ್ತಾ. ಉಕ್ಕಿನ ಮಾಸ್ಟರಿನೆದುರು ಕಾರ್ಬೈಡ್ ತುಂಡು ಇಟ್ಟರೆ ಮಾತ್ರ ಅದು ಇರುವುದಕ್ಕಿಂತ 0.16 ಮೈಕ್ರಾನ್ ಉದ್ದವಾಗಿ ಕಾಣುತ್ತದೆ. 10 ಮಿಲಿಮೀಟರ್ ತುಂಡಿಗೆ 0 ಗ್ರೇಡ್‌ನ ಅವಕಾಶವೇ 0.12. ನಿಜದಲ್ಲಿ 0.02 ಮಾತ್ರ ಹೆಚ್ಚಿರುವ ಒಳ್ಳೆಯ ತುಂಡು 0.18 ಎಂದು ತೋರಿ ತಿರಸ್ಕೃತವಾಗುತ್ತದೆ. ಬಿಸಿಯ ತಪ್ಪು ಉದ್ದನೆಯ ತುಂಡುಗಳನ್ನು ಕಾಡಿದರೆ, ಈ ತಗ್ಗು ಒಂದು ಮಿಲಿಮೀಟರಿಗೂ ನೂರಕ್ಕೂ ಒಂದೇ ಇರುವುದರಿಂದ ಸಣ್ಣವಕ್ಕೇ ಹೆಚ್ಚು ಪೆಟ್ಟು. ಜಿರ್ಕೋನಿಯಾ ಸೆರಾಮಿಕ್ಕಿನ ಬಿರುಸು ಉಕ್ಕಿಗೆ ಹತ್ತಿರವಾದ್ದರಿಂದ ಅಲ್ಲಿ ಈ ತಲೆನೋವು ಬಲು ಕಡಿಮೆ.

ಹಾಗಾದರೆ 0.16 ಕಳೆದರೆ ಮುಗಿಯಿತೇ? ಇಲ್ಲ. ಪ್ರೋಬಿನ ಮೊನೆ ಬಳಕೆಯಲ್ಲಿ ಸವೆದು ಚಪ್ಪಟೆಯಾಗುತ್ತದೆ, ಚಪ್ಪಟೆಯಾದಷ್ಟೂ ಕಡಿಮೆ ಇಳಿಯುತ್ತದೆ, ಪುಸ್ತಕದ ಲೆಕ್ಕ ತಪ್ಪುತ್ತದೆ. ನನ್ನ ಮಟ್ಟಿಗೆ ಸೂತ್ರವೊಂದನ್ನೇ ನಂಬುವುದು ಸರಿಯಲ್ಲ. ಬೆಳಕಿನಿಂದ ಅಳೆದ ಉಕ್ಕಿನದೊಂದು, ಕಾರ್ಬೈಡಿನದೊಂದು ತುಂಡು ಇಟ್ಟುಕೊಂಡು, ಎರಡನ್ನೂ ತಮ್ಮದೇ ಕಂಪೇರೇಟರಿನಲ್ಲಿ ಆಗಾಗ ಹೋಲಿಸುವ ಪ್ರಯೋಗಾಲಯವೇ ಮೇಲು. ಸರ್ಟಿಫಿಕೇಟುಗಳ ವ್ಯತ್ಯಾಸಕ್ಕಿಂತ ಓದಿನ ವ್ಯತ್ಯಾಸ ಎಷ್ಟು ಹೆಚ್ಚೋ ಅದೇ ಆ ಯಂತ್ರದ ಆ ದಿನದ ತಿದ್ದುಪಡಿ.

ಕಾರ್ಬೈಡಿನ ಇನ್ನೊಂದು ತೊಡಕು, ಅದು ಉಕ್ಕಿನ ಅರ್ಧದಷ್ಟೂ ಹಿಗ್ಗುವುದಿಲ್ಲ. ಕೋಣೆ 20.5 ಡಿಗ್ರಿ ಇದ್ದರೆ, ಎರಡೂ ಎಷ್ಟು ಚೆನ್ನಾಗಿ ನೆನೆದಿದ್ದರೂ, 100 ಮಿಲಿಮೀಟರಿನಲ್ಲಿ 0.35 ಮೈಕ್ರಾನ್ ಅಂತರ ಬಂದೇ ಬರುತ್ತದೆ. ಇಲ್ಲಿ ಥರ್ಮಾಮೀಟರ್ ಓದಿ ತಿದ್ದದೆ ಬೇರೆ ದಾರಿಯಿಲ್ಲ.

ಆದ್ದರಿಂದ ನಿಮ್ಮ ಕಾರ್ಬೈಡ್ ಸೆಟ್ಟನ್ನು ಕ್ಯಾಲಿಬ್ರೇಶನ್ನಿಗೆ ಕೊಡುವ ಮುಂಚೆ ಎರಡು ಪ್ರಶ್ನೆ ಕೇಳಿ: ಮಾಸ್ಟರ್ ಯಾವ ಲೋಹದ್ದು? ತಗ್ಗಿನ ತಿದ್ದುಪಡಿ ಎಷ್ಟು ಹಾಕುತ್ತೀರಿ? ಎರಡನೆಯದಕ್ಕೆ ಅಂಕಿ ಸಿಗದಿದ್ದರೆ ಸೆಟ್ಟನ್ನು ಬೇರೆ ಕಡೆ ಒಯ್ಯಿರಿ.